ಕೇಕಿನ ಹಿಂದೆ ಕಂಡ ರೇಟು

ತುಮಕೂರು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ಕೆಲಸ ನನ್ನದು. ಜೊತೆಯವರು ಗುಟ್ಟಿನ ವಿಷಯ ಹೊರಗೆ ಬಿಟ್ಟಾಗ ಅವರಿಗೆ ಹೇಳೋದು ಹೇಗೆ ಅನ್ನೋದನ್ನ ಮೂರು ಸಲ ಕೆಡಿಸಿಕೊಂಡು ನಾಲ್ಕನೇ ಸಲ ಕಲಿತೆ. ನಮ್ಮ ಸ್ಟೋರ್ಸ್‌ನ ಹಿರಿಯರೊಬ್ಬರು ಮೊದಲಿಂದಲೂ ‘ನಿಂಗ್ಯಾಕಪ್ಪಾ ಊರ ಉಸಾಬರಿ, ಮೇಲ್ಗಡೆ ಹೇಳಿ ಕೈ ತೊಳ್ಕೊ’ ಅಂತಿದ್ದರು. ಎಚ್.ಆರ್.ನವರಿಗೆ ಮೆಮೊ ಬಿಟ್ಟರೆ ಬೇರೆ ದಾರಿ ಇದೆ ಅನ್ನೋ ನಂಬಿಕೆಯೇ ಇರಲಿಲ್ಲ. ಈಗ ಇಬ್ಬರೂ ಸುಮ್ಮನಿದ್ದಾರೆ, ಅದಕ್ಕೇ ಬರೀತಿದ್ದೀನಿ.

ಮೊದಲು ಕಳೆದ ದುಡ್ಡಿನ ಲೆಕ್ಕ. ಎರಡು ವರ್ಷದ ಹಿಂದೆ ಕಾರ್ಟನ್ ಬಾಕ್ಸಿಗೆ ಯಾವ ವೆಂಡರ್ ಎಷ್ಟು ರೇಟು ಹೇಳಿದ್ದಾನೆ ಅಂತ ಪಕ್ಕಪಕ್ಕ ತೋರಿಸೋ ಕಂಪ್ಯಾರಿಟಿವ್ ಶೀಟನ್ನ ನಮ್ಮಲ್ಲೊಬ್ಬ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿದ್ದ. ಕಳಿಸಬೇಕಿದ್ದದ್ದು ನಮ್ಮ ಇಲಾಖೆ ಗ್ರೂಪಿಗೆ, ಹೋದದ್ದು ಲಾರಿ ಬರೋ ಹೊತ್ತು ತಿಳಿಸೋಕೆ ಮಾಡಿದ್ದ, ವೆಂಡರ್‌ಗಳೂ ಇರೋ ಗ್ರೂಪಿಗೆ. ಎಲ್-ಒನ್ ಪಾರ್ಟಿ, ಅಂದ್ರೆ ಎಲ್ಲರಿಗಿಂತ ಕಡಿಮೆ ರೇಟು ಹೇಳಿದವನು, ಬಾಕ್ಸಿಗೆ ಇನ್ನೂ 60 ಪೈಸೆ ಇಳಿಸ್ತಾನೆ ಅಂತ ನಾನು ಎಣಿಸಿದ್ದೆ. ಎರಡನೆಯವನು ತನಗಿಂತ ಎಷ್ಟು ಮೇಲಿದ್ದಾನೆ ಅಂತ ಗೊತ್ತಾದ ಮೇಲೆ ಅವನ್ಯಾಕೆ ಇಳಿಸ್ತಾನೆ? 15 ಪೈಸೆಗೆ ನಿಂತುಬಿಟ್ಟ. ತಿಂಗಳಿಗೆ ಸುಮಾರು 60,000 ಬಾಕ್ಸು, ಆರು ತಿಂಗಳ ಆರ್ಡರ್. ಒಂದೂವರೆ ಲಕ್ಷದ ಮೇಲೆ ಹೋಯ್ತು.

ಆಗ ನಾನು ಮಾಡಿದ್ದು, ಟೀ ಹೊತ್ತಲ್ಲಿ ಎಲ್ಲರ ಮುಂದೆ ‘ಏನಪ್ಪಾ, ರೇಟೆಲ್ಲಾ ಡಂಗುರ ಸಾರಿಸ್ತಿದ್ದೀಯಂತೆ’ ಅಂದದ್ದು. ತಮಾಷೆ ಮಾಡಿದರೆ ಹಗುರಾಗುತ್ತೆ ಅಂದ್ಕೊಂಡಿದ್ದೆ. ಅವನು ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಅದಕ್ಕಿಂತ ಕೆಟ್ಟದ್ದು, ಅಲ್ಲಿವರೆಗೆ ಆ ಫೋಟೋ ನೋಡದವರೂ ಹೋಗಿ ಹುಡುಕಿ ನೋಡಿದರು. ಎರಡನೇ ಸಲ, ಬೇರೆಯವರ ವಿಷಯದಲ್ಲಿ, ಹೆಸರು ಹೇಳದೆ ‘ಎಲ್ಲರೂ ಗೌಪ್ಯತೆ ಕಾಪಾಡಿ’ ಅಂತ ಗ್ರೂಪಿಗೆ ಹಾಕಿದೆ. ತಪ್ಪು ಮಾಡದ ನಾಲ್ವರು ತಮಗೇ ಹೇಳಿದ್ದು ಅಂತ ಮುನಿಸಿಕೊಂಡರು. ಮಾಡಿದಾಕೆ ಕೈ ಮುಗಿಯೋ ಚಿತ್ರ ಹಾಕಿ ಸುಮ್ಮನಾದಳು.

ಮೂರನೇ ತಪ್ಪು ಬುದ್ಧಿವಂತರು ಮಾಡೋ ತಪ್ಪು. ಕಂಡದ್ದರ ಸ್ಕ್ರೀನ್‌ಶಾಟ್ ತೆಗೆದು, ಕೆಂಪು ಸುತ್ತು ಹಾಕಿ, ವಿಷಯ ಹೊರಗೆ ಬಿಟ್ಟವರಿಗೇ ಕಳಿಸಿದೆ. ಒಂದಿದ್ದ ಪ್ರತಿ ಮೂರಾಯ್ತು. ಅವರಿಗೆ ಕಂಡದ್ದು ‘ಇವನು ಸಾಕ್ಷಿ ಇಟ್ಕೊಂಡಿದ್ದಾನೆ’ ಅನ್ನೋದೊಂದೇ. ಅಂದಿನಿಂದ ಗುಟ್ಟಿನ ವಿಷಯದ ಪ್ರತಿ ನನ್ನ ಫೋನಲ್ಲಿ ಇಟ್ಟುಕೊಳ್ಳಲ್ಲ. ಬಾಯಲ್ಲೇ ಹೇಳ್ತೀನಿ, ಅದೂ ಅಂಕಿ ಉಚ್ಚರಿಸದೆ. ಕಂಪನಿ ಬಸ್ಸಲ್ಲಂತೂ ಬಾಯಿ ಬಿಡಲ್ಲ, ಕ್ಯಾತ್ಸಂದ್ರ ಬರೋಷ್ಟರಲ್ಲಿ ಹಿಂದಿನ ಸೀಟಿಗೂ ಸುದ್ದಿ ಮುಟ್ಟಿರುತ್ತೆ.

ಈಗ ನಾಲ್ಕನೆಯದು. ಹುಡುಗನ ಹೆಸರು ರಂಗ ಅಂತಿಟ್ಕೊಳ್ಳಿ. ಅವನ ಹುಟ್ಟುಹಬ್ಬಕ್ಕೆ ಟೇಬಲ್ ಮೇಲೇ ಕೇಕ್ ಕತ್ತರಿಸಿದರು, ಅವನು ಫೋಟೋನ ಸ್ಟೇಟಸ್ಸಿಗೆ ಹಾಕಿದ. ಕೇಕಿನ ಹಿಂದೆ ಮಾನಿಟರ್, ಅದರಲ್ಲಿ ಐದು ಪ್ಲೈ ಬಾಕ್ಸಿನ ಶೀಟು, ಮೂರೂ ಪಾರ್ಟಿಗಳ ಹೆಸರು ಸಮೇತ. ಅವನ ಫೋನಲ್ಲಿ ವೆಂಡರ್‌ಗಳ ನಂಬರೆಲ್ಲಾ ಇದೆ, ಅವರ ಫೋನಲ್ಲಿ ಇವನದ್ದೂ ಇರುತ್ತೆ. ಹಾಗಾಗಿ ಸ್ಟೇಟಸ್ ನೇರ ಅವರ ಕೈಗೇ.

ಮೆಸೇಜ್ ಮಾಡದೆ ಫೋನ್ ಮಾಡಿದೆ. ‘ರಂಗ, ಒಬ್ನೇ ಇದ್ದೀಯಾ? ನಿನ್ನ ಸ್ಟೇಟಸಲ್ಲಿ ಕೇಕ್ ಹಿಂದೆ ಮಾನಿಟರ್ ಕಾಣ್ತಿದೆ, ದೊಡ್ಡದು ಮಾಡಿದ್ರೆ ಶೀಟು ಓದೋಕೆ ಬರುತ್ತೆ. ಯಾರ್ಯಾರು ನೋಡಿದ್ದಾರೆ ಅನ್ನೋ ಪಟ್ಟಿ ಮೊದ್ಲು ತೆಗೆದಿಟ್ಕೊ, ಆಮೇಲೆ ಡಿಲೀಟ್ ಮಾಡು. ಮಾಡಿ ಫೋನ್ ಮಾಡು.’ ಇಷ್ಟೇ. ‘ಯಾಕೆ ಹಾಕ್ದೆ’ ಅನ್ನೋ ಮಾತು ಎತ್ತಲಿಲ್ಲ. ಯಾಕೆ ಅಂತ ಕೇಳಿದ ತಕ್ಷಣ ಮನುಷ್ಯ ಉತ್ತರ ಹುಡುಕೋಕೆ ಶುರು ಮಾಡ್ತಾನೆ, ಅಷ್ಟೊತ್ತು ಫೋಟೋ ಅಲ್ಲೇ ಇರುತ್ತೆ. ಪಟ್ಟಿ ಮೊದಲು ಅಂದದ್ದಕ್ಕೂ ಕಾರಣವಿದೆ. ಸ್ಟೇಟಸ್ ಅಳಿಸಿದರೆ ನೋಡಿದವರ ಪಟ್ಟಿಯೂ ಅದರ ಜೊತೆಗೇ ಹೋಗುತ್ತೆ, ಆಮೇಲೆ ಯಾರಿಗೆ ಮುಟ್ಟಿತು ಅಂತ ಹೇಳೋಕಾಗಲ್ಲ. ಆ ಪಟ್ಟಿಯೂ ಪೂರ್ತಿ ಅಲ್ಲ. ನೀಲಿ ಟಿಕ್ ಆಫ್ ಮಾಡಿಕೊಂಡವರ ಹೆಸರು ಅದರಲ್ಲಿ ಬರಲ್ಲ, ಸ್ಕ್ರೀನ್‌ಶಾಟ್ ಹೊಡೆದವರ ಸುಳಿವೂ ಸಿಗಲ್ಲ. ಆದರೂ ಕೈಗೆ ಸಿಗೋದು ಅದೊಂದೇ.

ಹದಿನೈದು ನಿಮಿಷಕ್ಕೆ ಫೋನ್ ಬಂತು. ‘ಯಾರಣ್ಣ ಅಷ್ಟು ಝೂಮ್ ಮಾಡಿ ನೋಡ್ತಾರೆ?’ ಅಂದ. ‘ನಾನು ಮಾಡ್ದೆ ಕಣಪ್ಪ. ಪಟ್ಟಿ ಓದು.’ ನಲವತ್ತು ಚಿಲ್ಲರೆ ಹೆಸರು, ಅದರಲ್ಲಿ ಬಾಕ್ಸ್ ಪಾರ್ಟಿ ಒಬ್ಬ. ಅಲ್ಲಿಗೆ ಅವನ ದನಿ ಇಳೀತು.

ನಾನೇ ಮ್ಯಾನೇಜರ್ ಹತ್ರ ಓಡಲಿಲ್ಲ, ಮುಚ್ಚಿಡ್ತೀನಿ ಅಂತಲೂ ಹೇಳಲಿಲ್ಲ. ‘ನಾಳೆ ಹನ್ನೊಂದರೊಳಗೆ ನೀನೇ ಹೋಗಿ ಹೇಳು. ಇಲ್ಲಾಂದ್ರೆ ನಾನು ಹೇಳ್ಬೇಕಾಗುತ್ತೆ, ಅದನ್ನ ಈಗ್ಲೇ ನಿಂಗೆ ತಿಳಿಸ್ತಿದ್ದೀನಿ’ ಅಂದೆ. ನೆಗೋಶಿಯೇಷನ್ ಮರುದಿನ ಮಧ್ಯಾಹ್ನ ಇತ್ತು, ಗಡುವು ಅದಕ್ಕೆ ಸರಿಯಾಗಿ ಇಟ್ಟದ್ದು. ಹೊರಗಿನವರು ನೋಡಿಲ್ಲ ಅಂತ ಖಾತ್ರಿಯಿದ್ದರೆ ಇಬ್ಬರಲ್ಲೇ ಮುಗಿಸಬಹುದಿತ್ತೇನೋ. ಇಲ್ಲಿ ಪಾರ್ಟಿಯ ಹೆಸರೇ ಪಟ್ಟಿಯಲ್ಲಿದೆ, ಮೇಲಿನವರಿಗೆ ತಿಳಿಯದೆ ಹೋದರೆ ಮತ್ತೆ ಒಂದೂವರೆ ಲಕ್ಷ.

ಹತ್ತಕ್ಕೇ ಹೋಗಿ ಹೇಳಿದ. ಮ್ಯಾನೇಜರ್ ನಾಲ್ಕು ಬೈದು, ನೆಗೋಶಿಯೇಷನ್ ನಿಲ್ಲಿಸಿ, ಮೂವರಿಂದಲೂ ಒಂದೇ ದಿನ ಒಂದೇ ಹೊತ್ತಿಗೆ ಮುಚ್ಚಿದ ಲಕೋಟೆಯಲ್ಲಿ ಹೊಸ ಕೊಟೇಶನ್ ತರಿಸಿದರು. ಬಾಕ್ಸಿಗೆ 50 ಪೈಸೆ ಹತ್ತಿರ ಇಳೀತು. ಸ್ಟೇಟಸ್ ನೋಡಿದ ಪಾರ್ಟಿ ಶೀಟನ್ನೂ ಓದಿದ್ದಾನೋ ಇಲ್ಲವೋ ಅಂತ ಪತ್ತೆ ಮಾಡೋಕೆ ನನ್ನದೊಂದು ಉಪಾಯ ಇದೆ. ಇಲ್ಲಿ ಬರೆಯಲ್ಲ, ವೆಂಡರ್‌ಗಳೂ ಕನ್ನಡ ಓದ್ತಾರೆ.

ಜಾಗ್ರತೆ ಮಾತನ್ನ ಅವತ್ತು ಎತ್ತಲೇ ಇಲ್ಲ. ಎರಡು ದಿನ ಬಿಟ್ಟು ತಟ್ಟೆ ಇಡ್ಲಿ ತಿನ್ನೋವಾಗ ಹೇಳಿದೆ. ‘ಹುಷಾರಾಗಿರು’ ಅಂದರೆ ಯಾರೂ ಹುಷಾರಾಗಲ್ಲ, ಕೈಯಲ್ಲಿ ಮಾಡೋ ಕೆಲಸ ಹೇಳಬೇಕು. ‘ಕುರ್ಚಿ ಬಿಟ್ಟು ಏಳೋವಾಗೆಲ್ಲಾ ವಿಂಡೋಸ್ ಕೀ ಜೊತೆ L ಒತ್ತಿ ಲಾಕ್ ಮಾಡು, ಆಫೀಸಲ್ಲಿ ಫೋಟೋ ತೆಗೆದ್ರೆ ಗೋಡೆ ಕಡೆ ನಿಂತ್ಕೊ.’ ಎರಡೇ. ಮೂರನೆಯದು ಹೇಳಿದ್ದರೆ ಮೊದಲನೆಯದನ್ನ ಮರೀತಿದ್ದ.

ಇದರ ನಡುವೆ ನಂದೂ ಒಂದೆರಡು ಹುಚ್ಚಾಟ ಆಯ್ತು. ಪಕ್ಕದಿಂದ ಕಾಣಬಾರದು ಅಂತ ಮಾನಿಟರಿಗೆ ಕಪ್ಪು ಫಿಲ್ಮ್ ತರಿಸಿದೆ, ಎರಡು ಸಾವಿರದ ಹತ್ತಿರ ಆಯ್ತು. ಎದುರಿಂದ ತೆಗೆದ ಫೋಟೋಗೆ ಅದು ಲೆಕ್ಕಕ್ಕೇ ಇಲ್ಲ. ಆಮೇಲೆ ಶೀಟಲ್ಲಿ ಪಾರ್ಟಿ ಹೆಸರಿನ ಬದಲು ಬೆಟ್ಟದ ಹೆಸರು ಹಾಕಿದೆ: ಮಧುಗಿರಿ, ದೇವರಾಯನದುರ್ಗ, ಸಿದ್ಧರಬೆಟ್ಟ. ಚೆನ್ನಾಗೇ ನಡೀತಿತ್ತು, ಒಂದು ದಿನ ಅಕೌಂಟ್ಸ್‌ನವರು ‘ಸಾರ್, ಮಧುಗಿರಿಯವರ ಜಿ.ಎಸ್.ಟಿ. ನಂಬರ್ ಕೊಡಿ’ ಅಂತ ಬರೋವರೆಗೆ. ಈಗಲೂ ಬಿಟ್ಟಿಲ್ಲ, ಯಾವ ಬೆಟ್ಟ ಯಾರು ಅನ್ನೋ ಪಟ್ಟಿ ಮಾತ್ರ ಬೀಗದ ಡ್ರಾಯರಲ್ಲಿದೆ.

ಮೊನ್ನೆ ರಂಗ ನನ್ನ ಮೇಜಿನ ಹತ್ರ ಬಂದು, ಬಗ್ಗಿ, ಮೆಲ್ಲಗೆ ಹೇಳಿದ: ‘ಅಣ್ಣ, ಪ್ರಿಂಟರ್ ಟ್ರೇಲಿ ನಿಮ್ಮದೊಂದು ಶೀಟ್ ಇತ್ತು. ತಿರುವಿ ಹಾಕಿ ಬಂದಿದ್ದೀನಿ, ತಗೊಂಡ್ಬನ್ನಿ. ಟ್ರಾನ್ಸ್‌ಪೋರ್ಟ್‌ನವನೊಬ್ಬ ಅಲ್ಲೇ ಗೇಟ್‌ಪಾಸ್ ಪ್ರಿಂಟಿಗೆ ಕಾಯ್ತಿದ್ದ.’ ಒಂದು ಕಾಗದ ಯಾರಪ್ಪಾ ನೋಡ್ತಾರೆ ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಎದ್ದು ಹೋದೆ. ಏಳೋ ಅವಸರದಲ್ಲಿ ಲಾಕ್ ಮಾಡೋದು ಮರೆತಿದ್ದೆ, ವಾಪಸ್ ಬಂದಾಗ ಸ್ಕ್ರೀನ್ ಲಾಕ್ ಆಗಿತ್ತು.