ಮುಂದಿನ ಹಲ್ಲು ಬಂದಿಲ್ವಾ? ಒಳಗೆ ಒಂದು ಜಾಸ್ತಿ ಇದೆಯಾ ನೋಡಿ

ಹನುಮಂತನಗರದ ಹುಡುಗ, 8 ವರ್ಷ 4 ತಿಂಗಳು. ಅಮ್ಮ, ಅಜ್ಜಿ ಇಬ್ಬರೂ ಜೊತೆಗೆ ಬಂದಿದ್ದರು. ಮೇಲುಗಡೆ ಬಲಭಾಗದ ಮುಂದಿನ ಹಲ್ಲು ಅಗಲವಾಗಿ ಬಂದು ಕೂತಿದೆ, ಪಕ್ಕದ ಎಡಗಡೆಯದು ಪತ್ತೆಯೇ ಇಲ್ಲ. ಅಜ್ಜಿಯ ವಾದ ಏನಂದರೆ, "ನಿಧಾನಕ್ಕೆ ಬರೋ ಹಲ್ಲು ಗಟ್ಟಿ ಇರುತ್ತೆ ಡಾಕ್ಟ್ರೇ, ಇವರಪ್ಪನಿಗೂ ಲೇಟಾಗೇ ಬಂದಿದ್ದು." ಅಮ್ಮನಿಗೆ ಮಾತ್ರ ಸಮಾಧಾನ ಇಲ್ಲ. ಬಲಗಡೆ ಹಲ್ಲು ಬಂದು ಆಗಲೇ 9 ತಿಂಗಳಾಗಿತ್ತು.

ಅಮ್ಮನ ಅನುಮಾನ ಸರಿ ಇತ್ತು. ಹಲ್ಲು ತಡವಾಗಿ ಬರುವುದು ತಪ್ಪಲ್ಲ, ಕೆಲವು ಮಕ್ಕಳಿಗೆ ಎಲ್ಲ ಹಲ್ಲೂ ವರ್ಷ ತಡವಾಗಿಯೇ ಬರುತ್ತವೆ. ಆದರೆ ಒಂದು ಕಡೆ ಬಂದು ಇನ್ನೊಂದು ಕಡೆ ಬಾರದೇ ಇದ್ದರೆ ಒಳಗೆ ಏನೋ ಅಡ್ಡ ಇದೆ ಅಂತ ಲೆಕ್ಕ. ಆ ಅಡ್ಡ ಅನೇಕ ಸಲ ಇನ್ನೊಂದು ಹಲ್ಲೇ ಆಗಿರುತ್ತದೆ. ವಿಚಿತ್ರ ನೋಡಿ, ಒಂದು ಹಲ್ಲು ಜಾಸ್ತಿ ಇದ್ದರೆ ಹೊರಗಿನಿಂದ ಒಂದು ಹಲ್ಲು ಕಡಿಮೆ ಇದ್ದಂತೆ ಕಾಣುತ್ತದೆ.

ಮೇಲಿನ ಎರಡು ಮುಂದಿನ ಹಲ್ಲುಗಳ ಮಧ್ಯೆ ಹುಟ್ಟುವ ಈ ಹೆಚ್ಚುವರಿ ಹಲ್ಲಿಗೆ ಮೆಸಿಯೋಡೆನ್ಸ್ ಅಂತ ಹೆಸರು. ಜಾಸ್ತಿ ಹಲ್ಲುಗಳ ಪೈಕಿ ಅತಿ ಹೆಚ್ಚು ಸಿಗುವುದು ಇದೇ. ಹುಡುಗಿಯರಿಗಿಂತ ಹುಡುಗರಲ್ಲಿ ಸುಮಾರು ಎರಡು ಪಟ್ಟು. ಸಾಮಾನ್ಯವಾಗಿ ಚಿಕ್ಕದು, ಚೂಪು ಮಾಡಿದ ಸೀಸದಕಡ್ಡಿಯ ತುದಿ ಥರ ಇರುತ್ತದೆ. ಕೆಲವೊಮ್ಮೆ ತಲೆಕೆಳಗಾಗಿ, ಮೂಗಿನ ಕಡೆ ಮುಖ ಮಾಡಿಕೊಂಡು ಮಲಗಿರುತ್ತದೆ. ಅಂಥದ್ದು ತಾನಾಗಿ ಹೊರಗೆ ಬರುವ ಮಾತೇ ಇಲ್ಲ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ

ಮಗುವನ್ನು ಕಿಟಕಿ ಬೆಳಕಿಗೆ ಕೂರಿಸಿ, ಸ್ಪೂನಿನ ಹಿಡಿಯಿಂದ ಮೇಲ್ತುಟಿ ಎತ್ತಿ. ಮೊದಲು ಎಡ ಬಲ ಹೋಲಿಸಿ. ಒಂದೇ ಜೋಡಿಯ ಹಲ್ಲುಗಳು ಕೆಲವು ವಾರಗಳ ಅಂತರದಲ್ಲಿ ಬರಬೇಕು. 6 ತಿಂಗಳು ದಾಟಿದರೆ ಕಾಯಬೇಡಿ, ಎಕ್ಸ್-ರೇ ಬೇಕು.

ಆಮೇಲೆ ಸರದಿ ನೋಡಿ. ಕೆಳಗಿನ ನಡುಹಲ್ಲುಗಳು 6ರಿಂದ 7 ವರ್ಷಕ್ಕೆ, ಮೇಲಿನ ನಡುಹಲ್ಲುಗಳು 7ರಿಂದ 8ಕ್ಕೆ, ಅವುಗಳ ಅಕ್ಕಪಕ್ಕದವು 8ರಿಂದ 9ಕ್ಕೆ ಬರುತ್ತವೆ. ವಯಸ್ಸು ಸ್ವಲ್ಪ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಸರದಿ ತಪ್ಪಿದರೆ ಮಾತ್ರ ಬಿಡಬೇಡಿ. ನಮ್ಮ ಹುಡುಗನಿಗೆ ಎಡಗಡೆ ನಡುಹಲ್ಲೇ ಬಂದಿಲ್ಲ, ಅದರ ಪಕ್ಕದ್ದು ಆಗಲೇ ಬಂದು ಖಾಲಿ ಜಾಗದ ಕಡೆಗೆ ವಾಲಿಕೊಂಡಿತ್ತು, ಬಸ್ಸಿನಲ್ಲಿ ಯಾರಾದರೂ ಎದ್ದ ತಕ್ಷಣ ಪಕ್ಕದವರು ಸರಿದು ಕೂರುವ ಹಾಗೆ. ಹಾಲುಹಲ್ಲು ಒಂದು ಕಡೆ ಬಿದ್ದು ಇನ್ನೊಂದು ಕಡೆ ಅಲ್ಲಾಡದೇ ಕೂತಿದ್ದರೂ, ಬಂದ ಹಲ್ಲು ಬಾಗಿಲು ತಿರುಗಿದಂತೆ ತಿರುಗಿಕೊಂಡಿದ್ದರೂ ಇದೇ ಅನುಮಾನ.

ಎರಡು ವಿಷಯಕ್ಕೆ ಸುಮ್ನೆ ಗಾಬರಿ ಬೇಡ. ಕೆಳಗೆ ಹಾಲುಹಲ್ಲಿನ ಹಿಂದೆ ಇನ್ನೊಂದು ಸಾಲು ಬಂತು ಅಂತ ವಾರಕ್ಕೊಬ್ಬರಾದರೂ ಓಡಿ ಬರುತ್ತಾರೆ. ಸಾಮಾನ್ಯವಾಗಿ ಅದು ಜಾಸ್ತಿ ಹಲ್ಲಲ್ಲ, ಶಾಶ್ವತ ಹಲ್ಲೇ ಹಿಂದಿನಿಂದ ಬಂದಿದೆ, ಹಾಲುಹಲ್ಲು ಇನ್ನೂ ಜಾಗ ಬಿಟ್ಟಿಲ್ಲ ಅಷ್ಟೇ. ಇನ್ನೊಂದು, ಮೇಲಿನ ಮುಂದಿನ ಹಲ್ಲುಗಳ ನಡುವೆ ಸ್ವಲ್ಪ ಸಂದು. ಕೋರೆಹಲ್ಲು ಬರುವ 11-12 ವರ್ಷದವರೆಗೂ ಅದು ಮಾಮೂಲಿ. ಸಂದು ತುಂಬಾ ಅಗಲವಾಗಿದ್ದರೆ ಮಾತ್ರ ತೋರಿಸಿ.

ಎಕ್ಸ್-ರೇಯಲ್ಲಿ ಹುಡುಕುವುದು

ಈ ಹುಡುಗನ ಅಮ್ಮನ ಕೈಯಲ್ಲಿ ಆಗಲೇ ಒಂದು ಓಪಿಜಿ ಇತ್ತು. ಎರಡೂ ದವಡೆ ಒಟ್ಟಿಗೆ ಕಾಣುವ ಉದ್ದನೆಯ ಎಕ್ಸ್-ರೇ ಅದು, ಬೇರೆ ಕಡೆ ತೆಗೆಸಿದ್ದು. ಅದನ್ನು ನೋಡಿ "ಏನೂ ಇಲ್ಲ, ಬರುತ್ತೆ" ಅಂತ ಹೇಳಿ ಕಳಿಸಿದ್ದರಂತೆ. ಓಪಿಜಿ ಒಳ್ಳೆಯದೇ, ಆದರೆ ಅದರ ಮೆಷಿನ್ ತಲೆಯ ಸುತ್ತ ತಿರುಗುವಾಗ ಒಂದು ತೆಳ್ಳನೆಯ ಪಟ್ಟಿಯನ್ನು ಮಾತ್ರ ಚೊಕ್ಕವಾಗಿ ಹಿಡಿಯುತ್ತದೆ. ಮುಂದಿನ ಹಲ್ಲುಗಳ ಹತ್ತಿರ ಆ ಪಟ್ಟಿ ಇನ್ನೂ ತೆಳ್ಳಗೆ, ಜೊತೆಗೆ ಕತ್ತಿನ ಮೂಳೆಯ ನೆರಳೂ ಅಲ್ಲೇ ಬೀಳುತ್ತದೆ. ಅಂಗುಳದ ಕಡೆ ಅಡಗಿರುವ ಪುಟ್ಟ ಹಲ್ಲು ಅದರಲ್ಲಿ ಮಸುಕಾಗಿ ಹೋಗಿಬಿಡಬಹುದು. ಅದಕ್ಕೇ ಮುಂದಿನ ಹಲ್ಲಿನ ತೊಂದರೆಗೆ ಆ ಜಾಗದ್ದೇ ಚಿಕ್ಕ ಎಕ್ಸ್-ರೇ ತೆಗೆಯಬೇಕು. ತೆಗೆದೆವು. ಎಡಗಡೆ ನಡುಹಲ್ಲು ಒಳಗೆ ಇದೆ, ಬೇರು ಮುಕ್ಕಾಲು ಬೆಳೆದಿದೆ, ಅದರ ದಾರಿಗೆ ಅಡ್ಡವಾಗಿ ಒಂದು ಚೂಪು ಹಲ್ಲು ಕೂತಿದೆ.

ಈಗ ಅದು ತುಟಿಯ ಕಡೆ ಇದೆಯೋ ಅಂಗುಳದ ಕಡೆಯೋ? ಎಲ್ಲಿ ಕೊಯ್ಯಬೇಕು ಅನ್ನುವುದು ಇದರ ಮೇಲೇ ನಿಂತಿದೆ, ಒಂದು ಎಕ್ಸ್-ರೇ ಇದನ್ನು ಹೇಳುವುದಿಲ್ಲ. ಉಪಾಯ ಸರಳ. ಎಕ್ಸ್-ರೇ ಕೊಳವೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎರಡನೇ ಚಿತ್ರ ತೆಗೆಯುತ್ತಾರೆ. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೀರಾ? ರಸ್ತೆ ಬದಿಯ ಕಂಬಗಳು ಹಿಂದಕ್ಕೆ ಓಡುತ್ತವೆ, ದೂರದ ನಂದಿಬೆಟ್ಟ ಮಾತ್ರ ನಮ್ಮ ಜೊತೆಗೇ ಬರುತ್ತಾ ಇರುತ್ತದೆ. ಇಲ್ಲೂ ಹಾಗೇ. ಕೊಳವೆ ಸರಿದ ಕಡೆಗೇ ಸರಿಯುವ ಹಲ್ಲು ದೂರದ್ದು, ಅಂದರೆ ಅಂಗುಳದ ಕಡೆಯದು. ಎದುರು ದಿಕ್ಕಿಗೆ ಹೋದರೆ ಹತ್ತಿರದ್ದು, ತುಟಿಯ ಕಡೆಯದು. ನಮ್ಮ ಚೂಪು ಹಲ್ಲು ಕೊಳವೆಯ ಜೊತೆಗೇ ಬಂತು. ಅಂಗುಳದ ಕಡೆ. ಮೆಸಿಯೋಡೆನ್ಸ್‌ಗಳು ಹೆಚ್ಚಾಗಿ ಇರುವುದೂ ಅಲ್ಲೇ.

ಸಿಬಿಸಿಟಿ ಅಂತ ಮೂರು ಆಯಾಮದ ಸ್ಕ್ಯಾನ್ ಇದೆ. ಎಲ್ಲ ಮಕ್ಕಳಿಗೂ ಅದು ಬೇಡ, ವಿಕಿರಣ ಜಾಸ್ತಿ. ಹಲ್ಲು ತಲೆಕೆಳಗಾಗಿದ್ದರೆ, ಪಕ್ಕದ ಬೇರಿಗೆ ಅಂಟಿಕೊಂಡಂತೆ ಕಂಡರೆ, ಅಥವಾ ಒಂದಕ್ಕಿಂತ ಹೆಚ್ಚು ಇದ್ದರೆ ಬರೆಸಿ. ಇಲ್ಲವಾದರೆ ಎರಡು ಚಿಕ್ಕ ಚಿತ್ರಗಳಲ್ಲೇ ಕೆಲಸ ಮುಗಿಯುತ್ತದೆ.

ತೆಗೆಯಬೇಕಾ, ಯಾವಾಗ

ಜಾಸ್ತಿ ಇದೆ ಅಂದ ಮಾತ್ರಕ್ಕೆ ತೆಗೆಯಲೇಬೇಕು ಅಂತಿಲ್ಲ. ಯಾವ ಹಲ್ಲಿಗೂ ಅಡ್ಡ ಬರದೆ ಆಳದಲ್ಲಿ ತೆಪ್ಪಗೆ ಮಲಗಿದ್ದರೆ ಆಗಾಗ ಎಕ್ಸ್-ರೇ ತೆಗೆದು ನೋಡುತ್ತಾ ಇರಬಹುದು. ಸುತ್ತ ನೀರುಗುಳ್ಳೆ ಕಟ್ಟುವುದು, ಪಕ್ಕದ ಬೇರು ಕರಗುವುದು ಅಪರೂಪಕ್ಕೆ ಆಗುತ್ತದೆ, ಅದಕ್ಕೆ ಈ ಕಣ್ಗಾವಲು. ಅಡ್ಡ ಬಂದಿದ್ದರೆ ತೆಗೆಯಬೇಕು. ಯಾವಾಗ ಅನ್ನುವುದರಲ್ಲಿ ವೈದ್ಯರಲ್ಲೇ ಎರಡು ಪಂಗಡ ಇವೆ. ಬೇಗ ತೆಗೆದರೆ ಒಳಗಿನ ಹಲ್ಲು ತಾನಾಗಿ ಬರುವ ಸಾಧ್ಯತೆ ಜಾಸ್ತಿ. ತೀರಾ ಬೇಗ ಕೈ ಹಾಕಿದರೆ ಬೆಳೆಯುತ್ತಿರುವ ಬೇರಿಗೆ ಪೆಟ್ಟಾಗಬಹುದು. ನನ್ನ ಅನುಭವದಲ್ಲಿ 7-8 ವರ್ಷದಲ್ಲಿ ಸಿಕ್ಕವರಿಗೆ ತೊಂದರೆ ಕಡಿಮೆ. 11ಕ್ಕೆ ಬಂದವರಿಗೆ ಹಲ್ಲು ತಾನಾಗಿ ಇಳಿಯುವ ಹುಮ್ಮಸ್ಸು ಕಳೆದುಕೊಂಡಿರುತ್ತದೆ, ಎಳೆದು ತರಬೇಕಾಗುತ್ತದೆ.

ನಮ್ಮ ಹುಡುಗನಿಗೆ ಇನ್ನೊಂದು ಲೆಕ್ಕ ಇತ್ತು. ಬಲಗಡೆ ಹಲ್ಲಿನ ಅಗಲ 9 ಮಿಲಿಮೀಟರ್. ಎಡಗಡೆ ಉಳಿದಿದ್ದ ಜಾಗ 7. ಅಡ್ಡ ಇದ್ದದ್ದನ್ನು ತೆಗೆದರೂ 9ರ ಹಲ್ಲು 7ರ ಸಂದಿಯಲ್ಲಿ ಎಲ್ಲಿಂದ ಇಳಿಯಬೇಕು? ಆದ್ದರಿಂದ ಮೊದಲು ಸ್ಪ್ರಿಂಗ್ ಇರುವ, ಹಾಕಿ ತೆಗೆಯುವ ಕ್ಲಿಪ್ ಕೊಟ್ಟು, ವಾಲಿದ್ದ ಪಕ್ಕದ ಹಲ್ಲನ್ನು 3 ತಿಂಗಳಲ್ಲಿ ಹಿಂದಕ್ಕೆ ಸರಿಸಿದೆವು. ಆಮೇಲೆ ಆಪರೇಷನ್.

ಅದು ಕೇಳಿದಷ್ಟು ಭಯಾನಕ ಅಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಂಗುಳದ ಕಡೆ ಹಲ್ಲುಗಳ ಅಂಚಿನಗುಂಟ ಒಸಡನ್ನು ಬಿಡಿಸಿ, ಹಪ್ಪಳ ಎತ್ತಿದ ಹಾಗೆ ಎತ್ತಿ, ಮೇಲಿನ ಮೂಳೆಯನ್ನು ಸ್ವಲ್ಪ ತೆರೆದು ಚೂಪು ಹಲ್ಲನ್ನು ಈಚೆ ತೆಗೆದೆವು. ಹೊಲಿಗೆ ಹಾಕುವುದೂ ಸೇರಿ ಮುಕ್ಕಾಲು ಗಂಟೆ. ತುಂಬಾ ಹೆದರುವ ಮಕ್ಕಳಿಗೆ, ತೀರಾ ಆಳದಲ್ಲಿರುವ ಹಲ್ಲಿಗೆ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ಮೂರು ದಿನ ತಣ್ಣನೆಯ ಮೊಸರನ್ನ. ತೆಗೆದ ಹಲ್ಲನ್ನು ಹುಡುಗ ಡಬ್ಬಿಯಲ್ಲಿ ಹಾಕಿಸಿಕೊಂಡ. ಹಂಚಿನ ಮೇಲೆ ಎಸೆಯಬೇಕು ಅಂತ ಅಜ್ಜಿ ಹೇಳಿದರಂತೆ, ಈಗಿನ ಅಪಾರ್ಟ್‌ಮೆಂಟ್‌ನಲ್ಲಿ ಹಂಚು ಎಲ್ಲಿಂದ ತರೋದು.

ಮಾರನೇ ವಾರವೇ ಹಲ್ಲು ಬರುತ್ತದೆ ಅಂತ ಕಾಯಬೇಡಿ. ಜಾಗ ಇದ್ದರೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ಒಂದೂವರೆ ವರ್ಷ. ಅಲ್ಲಿಯವರೆಗೆ ಜಾಗ ಮುಚ್ಚದಂತೆ ಕ್ಲಿಪ್ ಇರಲೇಬೇಕು. ಅನೇಕರು ಎಡವುವುದು ಇಲ್ಲೇ, ಆಪರೇಷನ್ ಆಯ್ತಲ್ಲ ಅಂತ ಕ್ಲಿಪ್ ಡಬ್ಬಿ ಸೇರುತ್ತದೆ. ಇವನಿಗೆ 5ನೇ ತಿಂಗಳಲ್ಲಿ ಒಸಡು ಉಬ್ಬಿತು, 10ನೇ ತಿಂಗಳಲ್ಲಿ ಬಿಳಿ ಅಂಚು ಕಂಡಿತು. 6ರಿಂದ 12 ತಿಂಗಳಾದರೂ ಹಲ್ಲು ಜಾಗ ಬಿಟ್ಟು ಕದಲದಿದ್ದರೆ ಒಸಡು ತೆರೆದು, ಹಲ್ಲಿಗೆ ಒಂದು ಪುಟ್ಟ ಸರಪಳಿ ಅಂಟಿಸಿ ನಿಧಾನಕ್ಕೆ ಎಳೆಯುತ್ತಾರೆ.

ನಿಜವಾಗಲೂ ಹಲ್ಲೇ ಇಲ್ಲದಿದ್ದರೆ

ಎಕ್ಸ್-ರೇಯಲ್ಲಿ ಅಡ್ಡವೂ ಇಲ್ಲ, ಹಲ್ಲೂ ಇಲ್ಲ ಅಂತಾದರೆ ಅದು ಹೈಪೋಡಾಂಟಿಯಾ, ಹಲ್ಲಿನ ಮೊಳಕೆಯೇ ಹುಟ್ಟಿಲ್ಲ. ಬುದ್ಧಿಹಲ್ಲು ಬಿಟ್ಟರೆ ಹೆಚ್ಚಾಗಿ ಕಾಣೆಯಾಗುವುದು ಕೆಳದವಡೆಯಲ್ಲಿ ಕೋರೆಹಲ್ಲಿನ ಹಿಂದೆ ಬರುವ ಎರಡು ಕಿರುದವಡೆ ಹಲ್ಲುಗಳಲ್ಲಿ ಎರಡನೆಯದು ಮತ್ತು ಮೇಲಿನ ನಡುಹಲ್ಲಿನ ಪಕ್ಕದ ಹಲ್ಲು. ವಂಶದಲ್ಲಿ ಹರಿದು ಬರುತ್ತದೆ, ಅಪ್ಪ ಅಮ್ಮನ ಬಾಯಿಯನ್ನೂ ಎಣಿಸಿ ನೋಡಿ. ಆರು ಅಥವಾ ಅದಕ್ಕಿಂತ ಹೆಚ್ಚು ಹಲ್ಲುಗಳು ಕಾಣೆಯಾಗಿದ್ದರೆ, ಜೊತೆಗೆ ಕೂದಲು ತೆಳುವಾಗಿ, ಬೆವರೇ ಬಾರದಂತಿದ್ದರೆ ಮಕ್ಕಳ ವೈದ್ಯರಿಗೂ ತೋರಿಸಬೇಕು.

ಇಲ್ಲಿ ಅವಸರ ಮಾಡುವುದೇ ತಪ್ಪು. ಆ ಕಿರುದವಡೆ ಹಲ್ಲಿನ ಮೊಳಕೆ ಕೆಲವರಲ್ಲಿ 8-9 ವರ್ಷಕ್ಕೆ ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳುತ್ತದೆ, ಆದ್ದರಿಂದ 7 ವರ್ಷಕ್ಕೇ ಇಲ್ಲ ಅಂತ ತೀರ್ಪು ಕೊಡಬಾರದು. ಇಲ್ಲ ಅಂತ ಖಾತ್ರಿಯಾದರೂ ಮೇಲಿರುವ ಹಾಲುಹಲ್ಲನ್ನು ಸುಮ್ನೆ ಕೀಳಿಸಬೇಡಿ. ಬೇರು ಚೆನ್ನಾಗಿದ್ದರೆ ಅದು ದಶಕಗಳ ಕಾಲ ಅಗಿಯುವ ಕೆಲಸ ಮಾಡುತ್ತದೆ, ನಲವತ್ತು ದಾಟಿದವರ ಬಾಯಲ್ಲೂ ನೋಡಿದ್ದೇನೆ. ಅದು ಪಕ್ಕದ ಹಲ್ಲುಗಳಿಗಿಂತ ವರ್ಷವರ್ಷ ತಗ್ಗಾಗುತ್ತಾ ಹೋದರೆ ಮೂಳೆಗೆ ಅಂಟಿಕೊಂಡಿದೆ ಅಂತ ಅರ್ಥ, ಆಗ ಯೋಚನೆ ಬದಲಾಗುತ್ತದೆ.

ಮುಂದಿನ ಸಾಲಿನ ಹಲ್ಲು ಇಲ್ಲದಿದ್ದರೆ ದಾರಿ ಎರಡು. ಕೋರೆಹಲ್ಲನ್ನು ಮುಂದಕ್ಕೆ ತಂದು ಚೂಪು ತುದಿಯನ್ನು ತಿದ್ದಿ ಜಾಗ ಮುಚ್ಚುವುದು, ಇಲ್ಲವೇ ಜಾಗ ಬಿಡಿಸಿಕೊಂಡು ಕೃತಕ ಹಲ್ಲು ಕೂರಿಸುವುದು. ಇಂಪ್ಲಾಂಟ್ ಬೇಕು ಅಂತ 13ರ ಹುಡುಗಿಯನ್ನು ಕರೆತಂದವರಿಗೆ ನಾನು ಇಲ್ಲ ಅಂತ ಹೇಳುತ್ತೇನೆ. ಇಂಪ್ಲಾಂಟ್ ಮೂಳೆಗೆ ಬೆಸೆದುಕೊಂಡು ಇದ್ದಲ್ಲೇ ನಿಲ್ಲುತ್ತದೆ, ಸುತ್ತಲ ಮುಖ ಮಾತ್ರ ಬೆಳೆಯುತ್ತಾ ಹೋಗಿ ನಾಲ್ಕೈದು ವರ್ಷದಲ್ಲಿ ಅದು ಮೇಲೇ ಸಿಕ್ಕಿಕೊಂಡು ಗಿಡ್ಡವಾಗಿ ಕಾಣುತ್ತದೆ. ಬೆಳವಣಿಗೆ ನಿಲ್ಲುವವರೆಗೆ ಪಕ್ಕದ ಹಲ್ಲಿನ ಹಿಂಭಾಗಕ್ಕೆ ಅಂಟಿಸುವ ಚಿಕ್ಕ ಬ್ರಿಡ್ಜ್ ಹಾಕಿಸಿ. ಹಲ್ಲು ಕೊರೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬಿದ್ದರೆ ಮತ್ತೆ ಅಂಟಿಸಬಹುದು. ಬೆಂಗಳೂರಿನ ಡೆಂಟಲ್ ಕಾಲೇಜುಗಳಲ್ಲಿ ಮಕ್ಕಳ ವಿಭಾಗ, ಕ್ಲಿಪ್ ಹಾಕುವ ವಿಭಾಗ ಎರಡೂ ಒಂದೇ ಕಟ್ಟಡದಲ್ಲಿ ಸಿಗುತ್ತವೆ. ಹೋಗುವಾಗ ಹಳೇ ಎಕ್ಸ್-ರೇಗಳನ್ನೆಲ್ಲ ತಾರೀಖಿನ ಸಮೇತ ತೆಗೆದುಕೊಂಡು ಹೋಗಿ.