ಫೇರ್‌ವೆಲ್‌ಗೆ ಇಳಕಲ್ ಸೀರೆ, ಖಣದ ಬ್ಲೌಸ್: ಎರಡನೇ ಸಲಕ್ಕೆ ಸರಿ ಬಂದದ್ದು

ನಮ್ಮ ಫೇರ್‌ವೆಲ್‌ನಲ್ಲಿ ಹೆಚ್ಚು ಕಡಿಮೆ ಎಲ್ಲರೂ ನೆಟ್ ಅಥವಾ ಮಿಂಚಿನ ಜಾರ್ಜೆಟ್. ಅದರ ನಡುವೆ ಅವ್ವನ ಟ್ರಂಕಿನ ಇಳಕಲ್ ಉಡ್ತೀನಿ ಅಂದಾಗ ರೂಮಿನವರಿಗೆ ನಂಬಿಕೆ ಇರಲಿಲ್ಲ. ಖಣ ನೋಡಿದ ಟೇಲರ್ ಕೂಡ "ಇದು ಮುದುಕ್ಯಾರ ಕುಪ್ಪಸದ ಬಟ್ಟಿ ಅದವಾ" ಅಂದ. ಅವರ ಅನುಮಾನಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಇಳಕಲ್ ಹಳೆಯದಾಗಿ ಕಾಣೋದು ಮೂರು ಕಡೆ: ಗಂಜಿ ಹಿಡಿದ ಒಡಲು ಸೊಂಟದಲ್ಲಿ ಉಬ್ಬಿದಾಗ, ಬ್ಲೌಸ್ ಸಡಿಲವಾಗಿದ್ದಾಗ, ಸೆರಗಿನ ಚೆಂದ ನೆರಿಗೆಯೊಳಗೆ ಮುಚ್ಚಿಹೋದಾಗ. ಈ ಮೂರನ್ನೂ ಸರಿಪಡಿಸಿದರೆ ಆ ಸೀರೆಯ ಮುಂದೆ ಬಾಡಿಗೆಯ ಲೆಹೆಂಗಾ ನಿಲ್ಲೋದಿಲ್ಲ. ಇದನ್ನ ನಾನು ಧೈರ್ಯವಾಗಿಯೇ ಹೇಳ್ತೀನಿ.

ಮೊದಲು ಬ್ಲೌಸ್, ಯಾಕೆಂದರೆ ದುಡ್ಡು ಹೋಗಿದ್ದು ಅಲ್ಲೇ. ಗುಳೇದಗುಡ್ಡ ಖಣದ ಪನ್ನ ಕಡಿಮೆ, ಸುಮಾರು 31 ಇಂಚು, ಎರಡೂ ಬದಿ ಅಂಚು. ಮಾಮೂಲಿ ಬ್ಲೌಸ್ ಪೀಸಿನ ಲೆಕ್ಕದಲ್ಲಿ 80 ಸೆಂಟಿಮೀಟರ್ ತಂದರೆ ಮೊಳಕೈ ತೋಳಿಗೆ ಸಾಲೋದಿಲ್ಲ. ಮೊದಲ ಸಲ ನಾನು ಮಾಡಿದ್ದು ಅದೇ ತಪ್ಪು. ಬಟ್ಟೆ ಸಾಲದೆ ಟೇಲರ್ ಒಂದು ತೋಳಿಗೆ ತುಂಡು ಜೋಡಿಸಿದ, ಬುಟ್ಟಾಗಳ ಸಾಲು ವಾರೆಯಾಯಿತು. ಒಂದೂವರೆ ಮೀಟರ್ ಇದ್ದರೆ ಎರಡೂ ತೋಳಿನ ತುದಿಗೆ ಅಂಚು ಸಿಗುತ್ತೆ, ಬೆನ್ನಿಗೆ ಒಂದೇ ಪೂರ್ತಿ ತುಂಡು ಬರುತ್ತೆ, ಕೈಚೀಲಕ್ಕೂ ಸ್ವಲ್ಪ ಉಳಿಯುತ್ತೆ. ಬುಟ್ಟಾಗಳು ಎದೆಯ ಎರಡೂ ಕಡೆ ಒಂದೇ ಎತ್ತರಕ್ಕೆ ಬರಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡಿ. ಬಾಯಲ್ಲಿ ಹೇಳಿದ್ದು ಕತ್ತರಿ ಕೈಗೆ ಬರುವ ಹೊತ್ತಿಗೆ ಮರೆತಿರುತ್ತೆ.

ಎರಡನೇ ತಪ್ಪು ಲೈನಿಂಗ್. ಕಾಟನ್ ಲೈನಿಂಗ್‌ನ ನೆನೆಸದೆ ಹೊಲಿಸಿದ್ದೆ. ಒಂದು ಸಲ ಒಗೆದ ಮೇಲೆ ಒಳಗಿನ ಬಟ್ಟೆ ಕುಗ್ಗಿತು, ಮೇಲಿನ ಖಣ ಕುಗ್ಗಲಿಲ್ಲ. ಎದೆಯ ಡಾರ್ಟ್ ಸುತ್ತ ಗುಳ್ಳೆ ಗುಳ್ಳೆಯಾಗಿ ಎದ್ದು ನಿಂತಿತು. ಇಸ್ತ್ರಿ ಹಾಕಿದರೂ ಹೋಗೋ ಗುಳ್ಳೆಯಲ್ಲ ಅದು. ಆ ಬ್ಲೌಸಿನಲ್ಲಿ ಬಟ್ಟೆ, ಕೂಲಿ ಸೇರಿ ಏಳುನೂರು ರೂಪಾಯಿ ಹತ್ತಿರ ಹೋಯಿತು. ಈಗ ಲೈನಿಂಗ್‌ನ ರಾತ್ರಿ ನೀರಲ್ಲಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕೊಡ್ತೀನಿ. ಖಣಕ್ಕೆ ಬೇರೆ ಪರೀಕ್ಷೆ: ಒದ್ದೆ ಮಾಡಿದ ಬಿಳಿ ಬಟ್ಟೆಯನ್ನ ಒಂದು ಮೂಲೆಗೆ ಒತ್ತಿ ಎರಡು ನಿಮಿಷ ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಖಣ ತಿಳಿ ಬಣ್ಣದ ಸೀರೆಗೆ ಬೇಡ. ಕುಣಿದು ಬೆವರಿದ ಮೇಲೆ ಕಂಕುಳ ಹತ್ತಿರ ಸೆರಗಿಗೆ ಆ ಕಲೆ ಕೂತರೆ ಮತ್ತೆ ಹೋಗೋದಿಲ್ಲ.

ಫಿಟಿಂಗ್ ಬಗ್ಗೆ ಒಂದೇ ಮಾತು. ಖಣಕ್ಕೆ ಹಿಗ್ಗುವ ಗುಣ ಇಲ್ಲ. ಬಿಗಿಯಾಗಿ ಹೊಲಿಸಿದರೆ ಕೈ ಎತ್ತಿದ ಕೂಡಲೇ ಕಂಕುಳ ಹೊಲಿಗೆಯ ಪಕ್ಕ ಎಳೆಗಳು ಸರಿದು ಬಿರುಕಿನ ಹಾಗೆ ಕಾಣುತ್ತೆ. ದಾರ ಕಿತ್ತಿರೋದಿಲ್ಲ, ಬಟ್ಟೆಯೇ ಸರಿದಿರುತ್ತೆ. ಅದಕ್ಕೆ ಟ್ರಯಲ್‌ನಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು. ಎರಡೂ ಕೈ ತಲೆ ಮೇಲೆತ್ತಿ, ಮುಂದಕ್ಕೆ ಬಾಗಿ, ಕುರ್ಚಿಯಲ್ಲಿ ಕೂತು ನೋಡಿ. ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಒಳಗೆ ಬಿಡಿಸಿದ್ದರೆ ಮುಂದೆ ಸಡಿಲ ಮಾಡೋಕೂ ಆಗುತ್ತೆ. ಬೆನ್ನಿನ ಕುತ್ತಿಗೆ ನಾನು ಆಳವಾಗಿಯೇ ಇಡಿಸಿದೆ, ಹೊಸತನ ಬಂದಿದ್ದೇ ಅದರಿಂದ. ಅಷ್ಟು ಆಳ ಇದ್ದರೂ ಭುಜ ಜಾರದ ಹಾಗೆ ಒಳಗೆ ಏನು ಹಾಕಿಸಿದೆ ಅನ್ನೋದನ್ನ ಜೂನಿಯರ್‌ಗಳಿಗೂ ಹೇಳಿಲ್ಲ, ಇಲ್ಲೂ ಹೇಳೋದಿಲ್ಲ.

ಇನ್ನು ಸೀರೆ. ಒಡಲು ಹತ್ತಿ, ಸೆರಗು ರೇಷ್ಮೆ ಇದ್ದ ಸೀರೆ ಅದು. ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ ಅನ್ನೋದು ನಿಮಗೆ ಗೊತ್ತೇ ಇದೆ. ವರ್ಷಗಟ್ಟಲೆ ಮಡಿಕೆಯಲ್ಲಿದ್ದ ನಮ್ಮ ಸೀರೆಯಲ್ಲಿ ಮೊದಲು ಬಿಟ್ಟುಕೊಂಡಿದ್ದು ಆ ಕೊಂಡಿಯ ಗೆರೆಯೇ. ಬೆಳಕಿಗೆ ಹಿಡಿದು ನೋಡಿದಾಗ ಅರ್ಧ ಇಂಚಿನ ಸಂದು ಕಂಡಿತು. ಒಳಬದಿಗೆ ತೆಳುವಾದ ಮಲ್ ಬಟ್ಟೆಯ ಪಟ್ಟಿ ಇಟ್ಟು ಕೈಹೊಲಿಗೆ ಹಾಕಿದೆ, ಹೊರಗೆ ಗೊತ್ತಾಗಲಿಲ್ಲ. ನಿಮ್ಮದೂ ಹಳೆಯ ಸೀರೆಯಾದರೆ ಉಡುವ ವಾರ ಮೊದಲು ಆ ಗೆರೆಯನ್ನೂ ಮಡಿಕೆಯ ಗೆರೆಗಳನ್ನೂ ಬೆಳಕಿಗೆ ಹಿಡಿದು ನೋಡಿಬಿಡಿ.

ಉಬ್ಬು ಹೋಗಬೇಕಾದರೆ ಗಂಜಿ ಹೋಗಬೇಕು. ಬಕೆಟ್‌ಗೆ ತಣ್ಣೀರು ಹಾಕಿ ಒಡಲಿನ ಭಾಗ ಮಾತ್ರ ಇಳಿಬಿಟ್ಟೆ, ಸೆರಗು ಬಕೆಟ್ ಹೊರಗೆ ಕುರ್ಚಿಯ ಮೇಲೆ. ಕೆಂಪು ಸೆರಗಿನ ಬಣ್ಣ ಒಡಲಿಗೆ ಹತ್ತಬಾರದಲ್ಲ, ಅದಕ್ಕೆ. ನೀರು ಮೇಲಕ್ಕೆ ಏರಿಬರುತ್ತೆ, ಹಾಗಾಗಿ ಕೊಂಡಿಗೆ ಒಂದು ಮೊಳ ಮೊದಲೇ ನಿಲ್ಲಿಸಿ. ಅರ್ಧ ಗಂಟೆಗೆ ನೀರು ಅಂಟಂಟಾಗಿ ಮಸುಕಾಯಿತು. ಎರಡು ಸಲ ನೀರು ಬದಲಿಸಿದ ಮೇಲೆ ಬಟ್ಟೆ ಬೆರಳ ನಡುವೆ ಮೆತ್ತಗಾಯಿತು. ಹಿಂಡದೆ, ನೆರಳಲ್ಲಿ ಒಣಗಿಸಿದೆ. ಪೂರ್ತಿ ಗಂಜಿ ತೆಗೆದರೂ ಕಷ್ಟ, ನೆರಿಗೆ ನಿಲ್ಲೋದಿಲ್ಲ. ಸ್ವಲ್ಪ ಪಸೆ ಉಳಿದಿರುವಾಗಲೇ ಸಾಕು ಮಾಡಿ.

ಲೆಕ್ಕ ಹಾಕದೆ ಉಟ್ಟಾಗ ಸೆರಗು ಒಂದೋ ತೀರಾ ಗಿಡ್ಡ, ಇಲ್ಲ ಕಾಲಿಗೆ ಸಿಕ್ಕುವಷ್ಟು ಉದ್ದ. ಎರಡನೇ ಸಲ ಟೇಪ್ ಹಿಡಿದೆ. ಸೀರೆ 5.5 ಮೀಟರ್, ಅಂದರೆ ಸುಮಾರು 216 ಇಂಚು. ಸೊಂಟದ ಕೆಳಗಿನ ಸುತ್ತಳತೆ 38, ಒಂದರ ಮೇಲೊಂದು ಬರೋಕೆ 4 ಸೇರಿಸಿ ಮೊದಲ ಸುತ್ತಿಗೆ 42. ಒಂದೊಂದು ಮುಂದಿನ ನೆರಿಗೆ ತನ್ನ ಅಗಲದ ಎರಡರಷ್ಟು ಬಟ್ಟೆ ತಿನ್ನುತ್ತೆ. 5.5 ಇಂಚಿನ 7 ನೆರಿಗೆಗೆ 77. ಬೆನ್ನ ಹಿಂದಿಂದ ಬಲಗಡೆಗೆ ಬರೋಕೆ 30, ಅಲ್ಲಿಂದ ಓರೆಯಾಗಿ ಎಡ ಭುಜಕ್ಕೆ 28. ಉಳಿದದ್ದು 39. ನನ್ನ ಎತ್ತರ 5 ಅಡಿ 3 ಇಂಚು, ಆ 39 ಇಂಚು ಮೀನಖಂಡದ ನಡುವಿಗೆ ಬಂದು ನಿಂತಿತು. ಅದೇ ನೆರಿಗೆಯನ್ನ 5 ಇಂಚಿಗೆ ಇಳಿಸಿದ್ದರೆ ಸೆರಗು 46 ಆಗಿ ಕುಣಿಯುವಾಗ ಹಿಂದಿನವರ ಕಾಲಡಿ ಸಿಗುತ್ತಿತ್ತು. ನೆರಿಗೆಯಲ್ಲಿ ಅರ್ಧ ಇಂಚು ಹೆಚ್ಚು ಕಡಿಮೆಯಾದರೆ ಸೆರಗಿನಲ್ಲಿ 7 ಇಂಚಿನ ವ್ಯತ್ಯಾಸ, ಯಾರೂ ಇದನ್ನ ಗಮನಿಸೋದೇ ಇಲ್ಲ. ನಿಮ್ಮ ಅಳತೆ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ, ಹಾಕಿಕೊಳ್ಳುವ ಚಪ್ಪಲಿಯನ್ನ ಕಾಲಿಗೆ ಹಾಕಿಕೊಂಡೇ ಲಂಗದ ಲಾಡಿ ಕಟ್ಟಿ.

ಸೆರಗಿನ ಕೆಲಸ ಹಿಂದಿನ ರಾತ್ರಿಯದು. ಅಂಚಿನ ಅಗಲ 4 ಇಂಚಿದ್ದರೆ ನೆರಿಗೆಯೂ ಸರಿಯಾಗಿ 4 ಇಂಚು, ಆಗ ಮೇಲೆ ಇಡೀ ಅಂಚು ಕಾಣುತ್ತೆ. ಕಡಿಮೆಯಾದರೆ ಅಂಚು ತುಂಡಾಗಿ ಕಾಣುತ್ತೆ, ಹೆಚ್ಚಾದರೆ ಒಡಲಿನ ಬಣ್ಣ ಇಣುಕುತ್ತೆ. ಆದರೆ ತುದಿಯವರೆಗೂ ನೆರಿಗೆ ಕೂರಿಸಿದರೆ ಸೆರಗಿನಲ್ಲಿ ನೇಯ್ದ ತೋಪ್ ತೆನಿ ವಿನ್ಯಾಸದ ಹಲ್ಲುಗಳು ಒಳಗೆ ಹೋಗಿಬಿಡ್ತವೆ. ಈ ಸೀರೆಯ ಗುರುತೇ ಆ ಬಿಳಿ ಹಲ್ಲುಗಳು. ನೆರಿಗೆ ಇಲ್ಲದೆ ಹಾಗೇ ಬಿಟ್ಟರೆ ದಿನವಿಡೀ ಕೈ ಮೇಲೆ ಹೊತ್ತು ತಿರುಗಬೇಕು. ನಾನು ಕಂಡುಕೊಂಡದ್ದು ನಡುವಿನ ದಾರಿ. ಎದೆಯ ಭಾಗದಿಂದ ಭುಜ ದಾಟಿ ಐದಾರು ಇಂಚಿನವರೆಗೆ ಮಾತ್ರ ನೆರಿಗೆಗೆ ಇಸ್ತ್ರಿ ಕೂರಿಸಿದೆ, ಅದರ ಕೆಳಗೆ ಇಸ್ತ್ರಿ ಮುಟ್ಟಿಸಲಿಲ್ಲ. ಭುಜದಲ್ಲಿ ಬಿಗಿ, ಬೆನ್ನ ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಹಲ್ಲುಗಳೆಲ್ಲ ಕಂಡವು. ಫೋಟೋದಲ್ಲಿ ಎಲ್ಲರೂ ಕೇಳಿದ್ದು ಆ ಬೆನ್ನಿನ ಬಗ್ಗೆಯೇ. ರೇಷ್ಮೆಯ ಮೇಲೆ ತೆಳು ಕಾಟನ್ ಬಟ್ಟೆ ಹಾಸಿ, ಇಸ್ತ್ರಿಯ ಬಿಸಿ ಇಳಿಸಿಕೊಂಡೇ ಒತ್ತಬೇಕು.

ಪಿನ್ ಕೊಂಡಿಯ ಗೆರೆಯ ಮೇಲೆ ಬರಬಾರದು. ಪಿನ್ನಿನ ಸುರುಳಿಯೊಳಗೆ ರೇಷ್ಮೆ ಎಳೆ ಸಿಕ್ಕಿಕೊಂಡರೆ ತೆಗೆಯುವಾಗ ಹರಿಯುತ್ತೆ. ಅದಕ್ಕೆ ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿ ಸುರುಳಿಯ ಹತ್ತಿರ ತಳ್ಳಿ, ಆಮೇಲೆ ಬಟ್ಟೆಗೆ ಚುಚ್ಚಿ. ಬಟ್ಟೆ ಮಣಿಗೆ ತಾಗಿ ನಿಲ್ಲುತ್ತೆ, ಸುರುಳಿಯವರೆಗೆ ಹೋಗೋದೇ ಇಲ್ಲ.

ನಡುವೆ ಕಸೂತಿಯ ಹುಚ್ಚೂ ಹಿಡಿದಿತ್ತು. ತೋಳಿಗೆ ಗೋಪುರದ ಚಿತ್ತಾರ ಹಾಕೋಣ ಅಂತ ಖಣದ ಮೇಲೆ ನೇರವಾಗಿ ಗವಂತಿ ಹೊಲಿಗೆ ಶುರು ಮಾಡಿದೆ. ಖಣದ ನೇಯ್ಗೆ ಒತ್ತಾಗಿರುತ್ತೆ, ಎಳೆ ಎಣಿಸೋಕೆ ಆಗಲೇ ಇಲ್ಲ, ಒಂದು ಸಂಜೆಗೆ ಗೋಪುರ ಸೊಟ್ಟಗಾಯಿತು. ಆಮೇಲೆ ಮ್ಯಾಟಿ ಬಟ್ಟೆಯ ತುಂಡು ಮೇಲಿಟ್ಟು ಅದರ ಎಳೆ ಎಣಿಸಿ ಹೊಲಿದು, ಕೊನೆಗೆ ಮ್ಯಾಟಿಯ ಎಳೆಗಳನ್ನ ಒಂದೊಂದಾಗಿ ಎಳೆದು ತೆಗೆದೆ. ಕೆಲಸವೇನೋ ಚೆನ್ನಾಗಿ ಬಂತು, ಆದರೆ ಬುಟ್ಟಾಗಳ ನಡುವೆ ಕಸೂತಿ ಕಾಣಲೇ ಇಲ್ಲ. ಬಿಚ್ಚಿಬಿಟ್ಟೆ. ಕಸೂತಿಗೆ ಬುಟ್ಟಾ ಇಲ್ಲದ ಬಟ್ಟೆಯೇ ಬೇಕು. ಉಳಿದ ಖಣದಲ್ಲಿ ಲಂಗಕ್ಕೆ ಒಳಜೇಬು ಹೊಲಿದದ್ದು ಮಾತ್ರ ಪೂರ್ತಿ ಕೈ ಹಿಡಿಯಿತು. ಬಲಗಡೆ, ನೆರಿಗೆಯ ಪಕ್ಕಕ್ಕೆ, ಫೋನ್ ಹಿಡಿಯುವಷ್ಟು.

ಬಣ್ಣ ಆರಿಸುವಾಗ ಬೆಳಕನ್ನ ಲೆಕ್ಕಕ್ಕೆ ತಗೊಳ್ಳಿ. ಸ್ಟೇಜಿನ ನೀಲಿ ದೀಪದಡಿ ಕೆಂಪು ಕಪ್ಪಾಗಿ ಕಾಣುತ್ತೆ, ಕೆಂಪು ದೀಪದಡಿ ಹಸಿರು ಕಪ್ಪಾಗುತ್ತೆ. ರ‍್ಯಾಂಪ್ ವಾಕ್ ಇದ್ದರೆ ತಿಳಿ ಬಣ್ಣದ ಖಣ ವಾಸಿ. ಸಣ್ಣ ಚೌಕಡಿಯ ಒಡಲು ಫೋನ್ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಬರುತ್ತೆ, ಅದಕ್ಕೇ ನಾನು ಚೌಕಡಿ ಬಿಟ್ಟು ಪ್ಲೇನ್ ಒಡಲಿನದನ್ನೇ ತೆಗೆದದ್ದು.

ನೆನಪಿರುವ ಮಟ್ಟಿಗೆ ಖಣಕ್ಕೆ 450, ಲೈನಿಂಗ್‌ಗೆ 120, ಹೊಲಿಗೆಗೆ 650, ಫಾಲ್ ಮತ್ತು ಅದರ ಕೂಲಿಗೆ 150, ಪಿನ್ನು ಮಣಿ ಎಲ್ಲ ಸೇರಿ 80. ಸಾವಿರದ ನಾನೂರೈವತ್ತರ ಆಸುಪಾಸು. ಕೆಟ್ಟುಹೋದ ಬ್ಲೌಸ್ ಸೇರಿಸಿದರೆ ಎರಡು ಸಾವಿರ ದಾಟುತ್ತೆ. ಗೆಳತಿಯರು ಒಂದು ಸಂಜೆಯ ಲೆಹೆಂಗಾ ಬಾಡಿಗೆಗೆ ಕೊಟ್ಟದ್ದು ಅದಕ್ಕಿಂತ ಜಾಸ್ತಿ, ಡೆಪಾಸಿಟ್ ಬೇರೆ.

ಎಷ್ಟೇ ಸುಸ್ತಾಗಿದ್ದರೂ ಅವತ್ತು ರಾತ್ರಿಯೇ ಪಿನ್ನುಗಳನ್ನೆಲ್ಲ ತೆಗೆದು ಸೀರೆಯನ್ನ ಗಾಳಿಗೆ ಹಾಕಿ. ಬೆವರಿನ ತೇವದಲ್ಲೇ ಬಿಟ್ಟರೆ ಪಿನ್ ಚುಚ್ಚಿದ ಕಡೆ ತುಕ್ಕಿನ ಚುಕ್ಕಿ ಬೀಳುತ್ತೆ. ಮಡಚುವಾಗ ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಚಿ, ಸೆರಗನ್ನ ಸುತ್ತಿ ಮೇಲಿಡಿ.