ಟೀ ಕುಡಿಯೋರಲ್ಲಿ ಇತ್ತಾ, ಟೀ ಕುಡಿದಿದ್ದಕ್ಕಾ? ಡಿಸ್ಕಷನ್‌ನ ವರ್ಬ್‌ಗಳನ್ನ ನಾನು ಸರಿ ಮಾಡ್ಕೊಂಡ ಬಗೆ (ನನ್ನ ಅನುಭವ)

ಮೂರನೇ ಜರ್ನಲ್‌ನಲ್ಲಿ ಪೇಪರ್ ಅಕ್ಸೆಪ್ಟ್ ಆಯ್ತು, ಅದೂ ರಿಸಲ್ಟ್‌ಗೆ ಅರ್ಥ ಹೇಳೋ ಡಿಸ್ಕಷನ್ ಭಾಗದ ಬಗ್ಗೆ ಒಂದೇ ಒಂದು ಕಾಮೆಂಟ್ ಇಲ್ದೆ. ನಮ್ಮ ಡಿಪಾರ್ಟ್‌ಮೆಂಟಲ್ಲಿ ಇತ್ತೀಚೆಗೆ ಹಾಗೆ ಆಗಿದ್ದು ನಂದೇ ಇರ್ಬೇಕು. "ಕನ್ನಡದಲ್ಲಿ ಯೋಚ್ನೆ ಮಾಡಿ ಇಂಗ್ಲಿಷ್ ಪೇಪರ್ ಬರೀತೀಯಾ, ಆಗಲ್ಲ ಹೋಗು" ಅಂದವರು ಈಗ ಡ್ರಾಫ್ಟ್ ಕಳಿಸಿ ನೋಡು ಅಂತಿದಾರೆ, ಅದಕ್ಕೇ ಬರೀತಿದೀನಿ.

ಸ್ಟಡಿ ಚಿಕ್ಕದು, ಕ್ರಾಸ್ ಸೆಕ್ಷನಲ್, ಅಂದ್ರೆ ಒಂದೇ ಸಲ ಹೋಗಿ ಅಳೆದಿದ್ದು. ಹೈಸ್ಕೂಲ್, ಪಿಯುಸಿ ಹುಡುಗೀರು ಸುಮಾರು 380 ಜನ. ಊಟದ ಜೊತೆ ಅಥವಾ ಊಟ ಆದ ತಕ್ಷಣ ಟೀ ಕುಡಿಯೋರು 210, ಅವರಲ್ಲಿ 127 ಜನಕ್ಕೆ ಅನೀಮಿಯ. ಹಾಗೆ ಕುಡಿಯದೇ ಇರೋರು 170, ಅವರಲ್ಲಿ 78. ಅನೀಮಿಯ ಇರೋರನ್ನ ಇಲ್ಲದವರಿಂದ ಭಾಗಿಸಿದ್ರೆ ಆಡ್ಸ್, ಎರಡು ಗುಂಪಿನ ಆಡ್ಸ್ ಭಾಗಿಸಿದ್ರೆ ಆಡ್ಸ್ ರೇಶಿಯೋ, ಅದು 1.8 ಬಂತು, ಮನೆ ಆದಾಯ, ಮಾಂಸ ತಿನ್ನೋದು, ಐರನ್ ಮಾತ್ರೆ ಇವನ್ನೆಲ್ಲ ಅಡ್ಜಸ್ಟ್ ಮಾಡಿದ್ಮೇಲೆ 1.6, ಕಾನ್ಫಿಡೆನ್ಸ್ ಇಂಟರ್ವಲ್, ಅಂದ್ರೆ ನಮ್ಮ ಡೇಟಾಗೆ ಹೊಂದೋ ರೇಂಜ್, 1.05 ರಿಂದ 2.45. 1 ಅಂದ್ರೆ ವ್ಯತ್ಯಾಸವೇ ಇಲ್ಲ ಅಂತ, ಕೆಳಗಿನ ತುದಿ ಅದಕ್ಕೆ ತಾಗಿಕೊಂಡೇ ಇದೆ, ನೋಡಿದ ತಕ್ಷಣ ನಿಮಗೂ ಗೊತ್ತಾಗಿರುತ್ತೆ.

ಮೊದಲನೇ ಸಲ ಬರೆದಿದ್ದು "ಟೀ ಇಂಕ್ರೀಸಸ್ ದ ರಿಸ್ಕ್ ಆಫ್ ಅನೀಮಿಯ ಬೈ 60 ಪರ್ಸೆಂಟ್" ಅಂತ. ಅದರಲ್ಲಿ ಎರಡು ತಪ್ಪು. ಇಂಕ್ರೀಸ್ ಅನ್ನೋಕೆ ನಾನು ಯಾರಿಗೂ ಟೀ ಕುಡಿಸಿ ನೋಡಿಲ್ಲ, ಒಂದೇ ದಿನ ಹೋಗಿ ಕೇಳಿ ರಕ್ತ ತಗೊಂಡು ಬಂದಿದೀನಿ. ಇನ್ನೊಂದು, ಇದು ಆಡ್ಸ್, ರಿಸ್ಕ್ ಅಲ್ಲ. ಅರ್ಧಕ್ಕರ್ಧ ಮಕ್ಕಳಿಗೆ ಅನೀಮಿಯ ಇರೋ ಕಡೆ ಆಡ್ಸ್ ರೇಶಿಯೋ ಊದ್ಕೊಂಡು ಕಾಣ್ಸುತ್ತೆ. ಕುಡಿಯೋರಲ್ಲಿ 60 ಪರ್ಸೆಂಟ್, ಕುಡಿಯದವರಲ್ಲಿ 46, ಭಾಗಿಸಿದ್ರೆ 1.3 ಅಷ್ಟೇ, ಅದೇ ನಂಬರ್‌ಗಳ ಆಡ್ಸ್ ರೇಶಿಯೋ 1.8. ರಿವ್ಯೂವರ್ ಎರಡೂ ಹಿಡಿದ, ರಿಜೆಕ್ಟ್.

ಆಮೇಲೆ ಹೆದರಿಕೊಂಡು ಎಲ್ಲ ವಾಕ್ಯಕ್ಕೂ ಮೇ, ಪಾಸಿಬ್ಲಿ, ಸಜೆಸ್ಟ್, ಅಪಿಯರ್ ತುರುಕಿದೆ. "ದೀಸ್ ರಿಸಲ್ಟ್ಸ್ ಮೇ ಪಾಸಿಬ್ಲಿ ಸಜೆಸ್ಟ್ ಎ ಪೊಟೆನ್ಶಿಯಲ್ ಅಸೋಸಿಯೇಶನ್", ಒಂದು ವಾಕ್ಯದಲ್ಲಿ ನಾಲ್ಕು ಅನುಮಾನ. ಇದನ್ನ ಒಂದು ಎಡಿಟಿಂಗ್ ಸರ್ವೀಸ್‌ಗೆ ಕೊಟ್ಟೆ, ಹದಿಮೂರೋ ಹದಿನಾಲ್ಕೋ ಸಾವಿರ ಹೋಯ್ತು, ಅದು ನನ್ನ ಫೆಲೋಶಿಪ್ ದುಡ್ಡು, ಈಗಲೂ ಹೊಟ್ಟೆ ಉರಿಯುತ್ತೆ. ಅವರು ಇಂಗ್ಲಿಷ್ ಚೆನ್ನಾಗೇ ಮಾಡಿದ್ರು, ಆದ್ರೆ ಸರಾಗವಾಗಿ ಓದಿಸ್ಬೇಕು ಅಂತ ಎರಡು ಕಡೆ "ವಾಸ್ ಅಸೋಸಿಯೇಟೆಡ್ ವಿತ್" ತೆಗೆದು "ರಿಸಲ್ಟೆಡ್ ಇನ್" ಹಾಕಿದ್ರು, "ಲೋವರ್ ಹೀಮೋಗ್ಲೋಬಿನ್" ಇದ್ದಿದ್ದು "ಲೋವರ್ಡ್ ಹೀಮೋಗ್ಲೋಬಿನ್" ಆಯ್ತು. ಇ, ಡಿ ಎರಡಕ್ಷರ ಸೇರಿದ್ದಕ್ಕೆ ಇದ್ದದ್ದು ಹೋಗಿ ಮಾಡಿದ್ದು ಆಯ್ತು ನೋಡಿ. ನಾನೂ ಟ್ರ್ಯಾಕ್ ಚೇಂಜಸ್ ಎಲ್ಲ ಒಟ್ಟಿಗೆ ಅಕ್ಸೆಪ್ಟ್ ಒತ್ತಿ ಕಳಿಸ್ಬಿಟ್ಟೆ. ಎರಡನೇ ರಿಜೆಕ್ಟ್‌ನಲ್ಲಿ ಕೆಲವು ಕಡೆ ಅತಿಯಾಗಿ ಹೇಳಿದೀರ, ಕೆಲವು ಕಡೆ ಏನೂ ಹೇಳೇ ಇಲ್ಲ ಅಂತ ಬಂತು, ಅದು ನಿಜವೇ.

ದಾರಿ ಸಿಕ್ಕಿದ್ದು ಊರಲ್ಲಿ. ಅಮ್ಮ ಏನು ಕಂಡುಹಿಡಿದೆ ಅಂತ ಕೇಳಿದ್ರು, ನಾನು "ಊಟದ ಜೊತೆ ಟೀ ಕುಡಿಯೋರಲ್ಲಿ ರಕ್ತ ಕಮ್ಮಿ ಇತ್ತಮ್ಮ" ಅಂದೆ. "ಟೀ ಕುಡಿದಿದ್ದಕ್ಕೆ ಕಮ್ಮಿ ಆಯ್ತಾ?" ಅಂದ್ರು. "ಅದು ಗೊತ್ತಿಲ್ಲ, ಬಡವರ ಮನೇಲಿ ಟೀ ಜಾಸ್ತಿ ತಿಂಡಿ ಕಮ್ಮಿ ಇರುತ್ತಲ್ಲ, ಅದಕ್ಕೂ ಇರಬಹುದು" ಅಂತ ಬಾಯಿಗೆ ತಾನಾಗೇ ಬಂತು. ಆರು ತಿಂಗಳಿಂದ ಇಂಗ್ಲಿಷಲ್ಲಿ ಒದ್ದಾಡ್ತಿದ್ದ ವ್ಯತ್ಯಾಸ ಕನ್ನಡದಲ್ಲಿ "ಅಲ್ಲಿ"ಗೂ "ಕ್ಕೆ"ಗೂ ಇರೋ ವ್ಯತ್ಯಾಸ ಅಷ್ಟೇ.

ಅವತ್ತಿಂದ ಡಿಸ್ಕಷನ್‌ನ ಒಂದೊಂದು ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಅಮ್ಮನಿಗೆ ಹೇಳೋ ಹಾಗೆ ಬರೆದು, ಪಕ್ಕದಲ್ಲಿ ಅದಕ್ಕೆ ಆಧಾರ ಆಗಿರೋ ನಂಬರ್ ಹಾಕ್ತೀನಿ, ಆಮೇಲೆ ಇಂಗ್ಲಿಷ್ ವರ್ಬ್. "ಕುಡಿಯೋರಲ್ಲಿ ಇತ್ತು" ಅಂದ್ರೆ ನಾನು ಕಣ್ಣಾರೆ ಎಣಿಸಿದ್ದು, ಅಲ್ಲಿ ಹ್ಯಾಡ್, ವಾಸ್, ಫೌಂಡ್ ಅಂತ ಪಾಸ್ಟ್ ಟೆನ್ಸ್, ಒಂದೂ ಮೇ ಬೇಡ. 210ರಲ್ಲಿ 127 ಅನ್ನೋದರಲ್ಲಿ ಅನುಮಾನ ಏನಿದೆ, ಅದಕ್ಕೂ ಮೇ ಹಾಕ್ತಿದ್ದೆ ನಾನು. ಈ ಹುಡುಗೀರನ್ನ ಬಿಟ್ಟು ಆಚೆಗೆ ಮಾತು ಹೋದಾಗ ಅಸೋಸಿಯೇಟೆಡ್, ಇಲ್ಲ ಸಜೆಸ್ಟ್, ಎರಡರಲ್ಲಿ ಒಂದೇ. ಟೀಯಲ್ಲಿರೋ ಪಾಲಿಫಿನಾಲ್ ಸೊಪ್ಪು ಕಾಳಿನ ಐರನ್ ಹೀರೋದನ್ನ ತಡೆಯುತ್ತೆ ಅನ್ನೋದು ಜನರಿಗೆ ಗುರುತು ಹಾಕಿದ ಐರನ್ ಇರೋ ಊಟ ಕೊಟ್ಟು ಅಳೆದ ವಿಷ್ಯ, ಪ್ರಯೋಗ ಅದು, ಅಲ್ಲಿ "ತಡೆಯುತ್ತೆ", ಇನ್ಹಿಬಿಟ್ಸ್, ಪ್ರೆಸೆಂಟ್ ಟೆನ್ಸ್, ಹಿಂಜರಿಯೋದು ಬೇಡ. ಆದ್ರೆ ನಮ್ಮ ಹುಡುಗೀರಲ್ಲೂ ಅದೇ ಆಗಿದೆ ಅನ್ನೋಕೆ ನಾನು ಹೀರಿಕೆ ಅಳೆದಿಲ್ಲ, ಅಲ್ಲಿ "ಇರಬಹುದು", ಒಂದೇ ಒಂದು ಮೇ. ಪಕ್ಕಪಕ್ಕದ ಎರಡು ವಾಕ್ಯ, ಒಂದು ಗಟ್ಟಿ, ಇನ್ನೊಂದು ಮೆತ್ತಗೆ, ಅದೇ ಸರಿ.

ಹುಳದ ಮಾತ್ರೆ ತಗೊಂಡೋರ ಅನೀಮಿಯ ವಿಷಯದಲ್ಲಿ ಇನ್ನೊಂದು ಗುಂಡಿಗೆ ಬಿದ್ದಿದ್ದೆ. ಆಡ್ಸ್ ರೇಶಿಯೋ 0.8, ಇಂಟರ್ವಲ್ 0.4 ರಿಂದ 1.6 ಬಂದಿತ್ತು, "ಹ್ಯಾಡ್ ನೋ ಎಫೆಕ್ಟ್" ಅಂತ ಬರೆದಿದ್ದೆ. ಅಮ್ಮನಿಗೆ ಹೇಳೋ ಹಾಗೆ ಬರೆಯೋಕೆ ಕೂತಾಗ "ಉಪಯೋಗ ಇಲ್ಲ" ಅನ್ನೋಕೆ ಬಾಯಿ ಬರ್ಲಿಲ್ಲ, "ನಮಗೆ ವ್ಯತ್ಯಾಸ ಕಾಣ್ಲಿಲ್ಲ" ಅಂತ ಬಂತು. ಆಡ್ಸ್ ಅರ್ಧಕ್ಕಿಂತ ಕೆಳಗೆ ಇಳಿದಿದ್ರೂ, ಒಂದೂವರೆ ಪಟ್ಟು ದಾಟಿದ್ರೂ ನಮ್ಮ ಡೇಟಾ ಎರಡಕ್ಕೂ ಹೊಂದುತ್ತೆ, ಅಂಥ ಡೇಟಾ ಇಟ್ಕೊಂಡು ಇಲ್ಲ ಅನ್ನೋದು ಅತಿಯಾಯ್ತು. ಅದು "ವಿ ಡಿಡ್ ನಾಟ್ ಡಿಟೆಕ್ಟ್ ಎ ಡಿಫರೆನ್ಸ್" ಆಯ್ತು, ಪಕ್ಕದಲ್ಲೇ ಇಂಟರ್ವಲ್.

ನಮ್ಮ ಗೈಡ್ ಸರ್ ಒಪ್ಪಿರ್ಲಿಲ್ಲ. "ಅಸೋಸಿಯೇಟೆಡ್ ಅಂತ ಹಾಕಿದ್ರೆ ಆಯ್ತಲ್ಲಪ್ಪ, ಇಷ್ಟೆಲ್ಲ ಯಾಕೆ" ಅಂದ್ರು. ಅದು ಸಾಕಾಗಲ್ಲ ಅಂತ ತೋರಿಸೋಕೆ ಒಂದು ಪ್ರಯೋಗ ಮಾಡಿದೆ. ಟೇಬಲ್, ಮೆಥಡ್ ಎಲ್ಲ ಮುಚ್ಚಿ ಬರೀ ಡಿಸ್ಕಷನ್‌ನ ಆರು ಜನ ಪಿಜಿ ಸ್ಟೂಡೆಂಟ್‌ಗಳಿಗೆ ಕೊಟ್ಟು ಇದು ಯಾವ ಥರ ಸ್ಟಡಿ ಅಂತ ಕೇಳಿದೆ. ಹಳೇ ಡ್ರಾಫ್ಟ್‌ಗೆ ನಾಲ್ಕು ಜನ ಟ್ರಯಲ್ ಅಥವಾ ಫಾಲೋ ಅಪ್ ಅಂದ್ರು, ಹೊಸದಕ್ಕೆ ಐದು ಜನ ಸರ್ವೇ ಅಂದ್ರು. ಯಾಕೆ ಟ್ರಯಲ್ ಅಂದ್ಕೊಂಡ್ರಿ ಅಂತ ಕೇಳಿದ್ರೆ ತೋರಿಸಿದ್ದು ವರ್ಬ್ ಅಲ್ಲ, ಕೊನೇ ಪ್ಯಾರಾ: "ಹುಡುಗೀರಿಗೆ ಊಟದ ಜೊತೆ ಟೀ ಬಿಡಿ ಅಂತ ಹೇಳ್ಬೇಕು". ಮೇಲೆಲ್ಲ ಅಸೋಸಿಯೇಟೆಡ್ ಅಂತ ಜಪ ಮಾಡಿ ಸಲಹೆ ಕೊಡೋವಾಗ "ಕುಡಿದಿದ್ದಕ್ಕೆ" ಅಂತ ಒಪ್ಕೊಂಡ್ಬಿಟ್ಟಿರ್ತೀವಿ. ನಾನು ಆ ಸಲಹೆ ತೆಗೀಲಿಲ್ಲ, ಅದು ನಮ್ಮ ಸರ್ವೇ ಮೇಲೆ ನಿಂತಿಲ್ಲ, ಆ ಹೀರಿಕೆ ಪ್ರಯೋಗಗಳ ಮೇಲೆ ನಿಂತಿದೆ ಅಂತ ಅದೇ ವಾಕ್ಯದಲ್ಲಿ ಹೇಳಿದೆ.

ಎಫೆಕ್ಟ್, ಇಂಪ್ಯಾಕ್ಟ್, ಡ್ಯೂ ಟು, ರಿಸ್ಕ್ ಫ್ಯಾಕ್ಟರ್ ಇವೂ "ಕ್ಕೆ" ಜಾತಿಯವೇ, ವರ್ಬ್ ಅಲ್ಲ ಅಂತ ತಪ್ಪಿಸ್ಕೊಳ್ತವೆ, ಟೈಟಲ್‌ನಲ್ಲೂ ಹುಡುಕಿ. ಲಿಮಿಟೇಶನ್ ಪ್ಯಾರಾ ನಾನು ಎಲ್ಲಿ ಇಡ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರವೇ ಇರಲಿ, ಇನ್ನೊಂದು ಪೇಪರ್ ರಿವ್ಯೂನಲ್ಲಿದೆ.

ಈಗ ಎರಡು ಹಾಸ್ಟೆಲ್‌ನಲ್ಲಿ ಹುಡುಗೀರನ್ನ ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಟೀ ಊಟಕ್ಕಿಂತ ಒಂದೂವರೆ ಗಂಟೆ ತಡವಾಗಿ ಕೊಡೋಕೆ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದೀನಿ. ಪರ್ಮಿಶನ್ ಸಿಕ್ಕಿ, ಆರು ತಿಂಗಳಾದ್ಮೇಲೆ ಮೈಯಲ್ಲಿರೋ ಐರನ್ ದಾಸ್ತಾನು ತೋರಿಸೋ ಫೆರಿಟಿನ್‌ನಲ್ಲಿ ವ್ಯತ್ಯಾಸ ಬಂದ್ರೆ ಅಮ್ಮನ ಪ್ರಶ್ನೆಗೆ "ಹೂಂ, ಕುಡಿದಿದ್ದಕ್ಕೆ" ಅಂತ ಹೇಳ್ತೀನಿ.